ಹತ್ತು ಹತ್ತು ಲಕ್ಷ ಹಂಚಿದರೆ ಅಪಾಯವೂ ಸಮನಾಗಿ ಹಂಚಿಹೋಗುತ್ತದೆಯೇ?

ಓದುಗರ ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಅಡಿಕೆ ಕೃಷಿಕ, ವಯಸ್ಸು 52. ಜಾಗ ಮಾರಿದ 30 ಲಕ್ಷ ರೂಪಾಯಿ ಕೈಯಲ್ಲಿದೆ, ಹತ್ತು ವರ್ಷ ಅದನ್ನು ಮುಟ್ಟುವ ಅಗತ್ಯವಿಲ್ಲ. ನಿಫ್ಟಿ ಸೂಚ್ಯಂಕ ಫಂಡ್, ಸರ್ಕಾರಿ ಸಾಲಪತ್ರಗಳ ಫಂಡ್, ಚಿನ್ನದ ಇಟಿಎಫ್ ಈ ಮೂರರಲ್ಲಿ ಹತ್ತು ಹತ್ತು ಲಕ್ಷ ಹಾಕೋಣ ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿರುವ ನನ್ನ ಅಳಿಯ ಅದು ಸಮತೋಲವೇ ಅಲ್ಲ, ರಿಸ್ಕ್ ಪ್ಯಾರಿಟಿ ಪ್ರಕಾರ ಸಾಲಪತ್ರಕ್ಕೇ ಮೂರರಲ್ಲಿ ಎರಡು ಪಾಲು ಹೋಗಬೇಕು, ಹಾಗೆ ಮಾಡಿದರೆ ಲಾಭವೂ ಜಾಸ್ತಿ ಎನ್ನುತ್ತಾನೆ. ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ 12 ಲಕ್ಷದ ನಿಶ್ಚಿತ ಠೇವಣಿ ಬೇರೆ ಇದೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಅಳಿಯ ಹೇಳಿದ ಮೊದಲ ಮಾತು ಸರಿ, ಎರಡನೆಯದು ಸರಿಯಲ್ಲ. ಹಣವನ್ನು ಸಮನಾಗಿ ಹಂಚಿದರೆ ಅಪಾಯ ಸಮನಾಗಿ ಹಂಚಿಹೋಗುವುದಿಲ್ಲ ಎಂಬುದು ನಿಜ. ಆದರೆ ಅಪಾಯವನ್ನು ಸಮನಾಗಿ ಹಂಚಿದರೆ ಲಾಭ ಹೆಚ್ಚುತ್ತದೆ ಎಂಬುದು ನಿಮ್ಮಂಥ ಮನೆಮಟ್ಟದ ಹೂಡಿಕೆದಾರರ ಪಾಲಿಗೆ ನಿಜವಲ್ಲ. ಈ ಎರಡನ್ನೂ ನಿಮ್ಮ 30 ಲಕ್ಷದ ಮೇಲೆಯೇ ಲೆಕ್ಕ ಹಾಕಿ ತೋರಿಸುತ್ತೇನೆ. ಕೊನೆಗೆ ನಿಮ್ಮ 12 ಲಕ್ಷದ ಠೇವಣಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ತೀರ್ಮಾನ ನಿಂತಿರುವುದು ಅದರ ಮೇಲೆ.

ಲೆಕ್ಕಕ್ಕೆ ಬೇಕಾದ ಮೊದಲ ಅಂಕಿ ಪ್ರತಿಯೊಂದು ಹೂಡಿಕೆಯ ಏರಿಳಿತ. ವರ್ಷದ ಆದಾಯವು ತನ್ನ ಸರಾಸರಿಯಿಂದ ಮೇಲಕ್ಕೋ ಕೆಳಕ್ಕೋ ಸಾಮಾನ್ಯವಾಗಿ ಎಷ್ಟು ಸರಿದಾಡುತ್ತದೆ ಎಂಬುದನ್ನು ಅದು ಹೇಳುತ್ತದೆ, ಮತ್ತು ಸ್ಥೂಲವಾಗಿ ಮೂರು ವರ್ಷಗಳಲ್ಲಿ ಎರಡು ವರ್ಷ ಆದಾಯ ಆ ಮಿತಿಯೊಳಗೆ ಇರುತ್ತದೆ ಎಂದು ತಿಳಿಯಬಹುದು. ಇಲ್ಲಿ ನಾನು ಷೇರಿಗೆ ಶೇ 18, ಚಿನ್ನಕ್ಕೆ ಶೇ 14, ಮಧ್ಯಮ ಅವಧಿಯ ಸರ್ಕಾರಿ ಸಾಲಪತ್ರಕ್ಕೆ ಶೇ 4 ಎಂದು ಇಟ್ಟುಕೊಳ್ಳುತ್ತೇನೆ. ಇವು ನಮ್ಮ ಮಾರುಕಟ್ಟೆಯ ದೀರ್ಘಕಾಲದ ಸ್ವಭಾವಕ್ಕೆ ಹತ್ತಿರವಾದ, ಲೆಕ್ಕಕ್ಕೆಂದು ದುಂಡಾಗಿಸಿದ ಅಂಕಿಗಳು. ಮೂರೂ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ ಎಂದೂ ಸದ್ಯಕ್ಕೆ ಒಪ್ಪಿಕೊಳ್ಳೋಣ.

ನಿಮ್ಮ ಸಮಪಾಲಿನ ಯೋಜನೆಯಲ್ಲಿ ಹತ್ತು ಲಕ್ಷದ ಷೇರು ಒಂದು ಸಾಮಾನ್ಯ ವರ್ಷದಲ್ಲಿ 1.8 ಲಕ್ಷದಷ್ಟು ಸರಿದಾಡುತ್ತದೆ, ಚಿನ್ನ 1.4 ಲಕ್ಷದಷ್ಟು, ಸಾಲಪತ್ರ ಕೇವಲ 40,000 ರೂಪಾಯಿಯಷ್ಟು. ಒಂದಕ್ಕೊಂದು ಸಂಬಂಧವಿಲ್ಲದ ಏರಿಳಿತಗಳನ್ನು ನೇರವಾಗಿ ಕೂಡಿಸಲು ಬರುವುದಿಲ್ಲ, ಅವುಗಳ ವರ್ಗಗಳನ್ನು ಕೂಡಿಸಬೇಕು; ಒಂದು ಬಿದ್ದಾಗ ಇನ್ನೊಂದು ಏರುವ ಸಾಧ್ಯತೆ ಲೆಕ್ಕಕ್ಕೆ ಸೇರುವುದು ಹೀಗೆ. 18ರ ವರ್ಗ 324, 14ರ ವರ್ಗ 196, 4ರ ವರ್ಗ 16, ಒಟ್ಟು 536. ಈ 536ರಲ್ಲಿ ಷೇರಿನ ಭಾಗ ಶೇ 60, ಚಿನ್ನದ ಭಾಗ ಸುಮಾರು ಶೇ 37, ಸಾಲಪತ್ರದ ಭಾಗ ಬರೇ ಶೇ 3. ಅಂದರೆ ಹಣದ ಲೆಕ್ಕದಲ್ಲಿ ಮೂರು ಕಾಲುಗಳಿರುವ ನಿಮ್ಮ ಯೋಜನೆ ಅಪಾಯದ ಲೆಕ್ಕದಲ್ಲಿ ಎರಡೇ ಕಾಲುಗಳ ಮೇಲೆ, ಅದರಲ್ಲೂ ಹೆಚ್ಚಾಗಿ ಒಂದರ ಮೇಲೆ ನಿಂತಿದೆ. ಒಟ್ಟು 30 ಲಕ್ಷದ ಏರಿಳಿತ ಶೇ 7.7, ಎಂದರೆ ಸುಮಾರು 2.3 ಲಕ್ಷ ರೂಪಾಯಿ.

ರಿಸ್ಕ್ ಪ್ಯಾರಿಟಿ ಈ ಅಸಮತೆಯನ್ನು ಸರಿಪಡಿಸುವ ವಿಧಾನ. ಅದರ ಸರಳ ರೂಪದಲ್ಲಿ ಪ್ರತಿಯೊಂದಕ್ಕೂ ಅದರ ಏರಿಳಿತದ ವಿಲೋಮ ಪ್ರಮಾಣದಲ್ಲಿ ಪಾಲು ಕೊಡಲಾಗುತ್ತದೆ. ಒಂದನ್ನು 18, 14, 4ರಿಂದ ಬೇರೆ ಬೇರೆ ಭಾಗಿಸಿ, ಬಂದ ಮೂರು ಸಂಖ್ಯೆಗಳನ್ನು ಕೂಡಿಸಿ, ಆ ಮೊತ್ತದಲ್ಲಿ ಪ್ರತಿಯೊಂದರ ಪಾಲು ಎಷ್ಟೆಂದು ನೋಡಿದರೆ ಸಾಕು. ಉತ್ತರ ಷೇರಿಗೆ ಶೇ 14.7, ಚಿನ್ನಕ್ಕೆ ಶೇ 19, ಸಾಲಪತ್ರಕ್ಕೆ ಶೇ 66.3. ನಿಮ್ಮ ಮೊತ್ತದಲ್ಲಿ ಇದು 4.4 ಲಕ್ಷ, 5.7 ಲಕ್ಷ ಮತ್ತು 19.9 ಲಕ್ಷ. ಈಗ ಮೂರೂ ವರ್ಷಕ್ಕೆ ಸರಿಸುಮಾರು 80,000 ರೂಪಾಯಿಯಷ್ಟೇ ಸರಿದಾಡುತ್ತವೆ, ಒಟ್ಟು ಏರಿಳಿತ ಶೇ 4.6ಕ್ಕೆ, ಎಂದರೆ 1.4 ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ ಅಳಿಯ ಹೇಳಿದ ಮೂರರಲ್ಲಿ ಎರಡು ಪಾಲು ಬಂದದ್ದು ಇಲ್ಲಿಂದಲೇ.

ಕೆಟ್ಟ ಕಾಲದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. 2008ರಲ್ಲಿ ನಿಫ್ಟಿ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಷೇರು ಅರ್ಧಕ್ಕಿಳಿದರೆ ಸಮಪಾಲಿನಲ್ಲಿ ನಿಮಗೆ 5 ಲಕ್ಷ ನಷ್ಟ, ರಿಸ್ಕ್ ಪ್ಯಾರಿಟಿಯಲ್ಲಿ 2.2 ಲಕ್ಷ. ಆದರೆ ಅಪಾಯ ಇಲ್ಲವಾಗಲಿಲ್ಲ, ಅದು ಇರುವ ಜಾಗ ಬದಲಾಯಿತು ಎಂಬುದನ್ನೂ ಗಮನಿಸಬೇಕು. ಬಡ್ಡಿದರ ಏರಿದರೆ ಹಳೆಯ ಸಾಲಪತ್ರಗಳ ಬೆಲೆ ಇಳಿಯುತ್ತದೆ. ಬಡ್ಡಿ ಬದಲಾದಾಗ ಬೆಲೆ ಎಷ್ಟು ಅಲುಗುತ್ತದೆ ಎಂಬುದರ ಅಳತೆಗೆ ಡ್ಯುರೇಷನ್ ಎನ್ನುತ್ತಾರೆ; ಅದು ಐದು ವರ್ಷದ ಆಸುಪಾಸು ಇರುವ ಫಂಡ್ ಆದರೆ, ಮಾರುಕಟ್ಟೆಯ ಬಡ್ಡಿ ಎರಡು ಶೇಕಡಾ ಅಂಶ ಏರಿದಾಗ ಅದರ ಬೆಲೆ ಸುಮಾರು ಶೇ 10 ಇಳಿಯುತ್ತದೆ. ಆಗ ಸಮಪಾಲಿನಲ್ಲಿ ನಷ್ಟ 1 ಲಕ್ಷ, ರಿಸ್ಕ್ ಪ್ಯಾರಿಟಿಯಲ್ಲಿ 2 ಲಕ್ಷ.

ಇನ್ನು ಲಾಭದ ಮಾತು. ಮುಂದಿನ ವರ್ಷಗಳಲ್ಲಿ ಷೇರು ಶೇ 12, ಚಿನ್ನ ಶೇ 8, ಸಾಲಪತ್ರ ಶೇ 7 ಕೊಡುತ್ತವೆ ಎಂದು ಊಹಿಸಿಕೊಳ್ಳಿ. ಇದು ಭರವಸೆಯಲ್ಲ, ಎರಡು ಯೋಜನೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಬೇಕಾದ ಊಹೆ ಮಾತ್ರ. ಸಮಪಾಲಿಗೆ ಸರಾಸರಿ ಶೇ 9 ಬರುತ್ತದೆ, ರಿಸ್ಕ್ ಪ್ಯಾರಿಟಿಗೆ ಶೇ 7.9. ಇದೇ ದರದಲ್ಲಿ ಹತ್ತು ವರ್ಷ ಬೆಳೆದರೆ, ತೆರಿಗೆ ಮತ್ತು ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ, ಮೊದಲನೆಯದು ಸುಮಾರು 71 ಲಕ್ಷ, ಎರಡನೆಯದು ಸುಮಾರು 64 ಲಕ್ಷ ಆಗುತ್ತದೆ. ಅಂದರೆ ಏರಿಳಿತ ಕಡಿಮೆಯಾದುದಕ್ಕೆ ನೀವು ಕೊಡುವ ಬೆಲೆ ಏಳು ಲಕ್ಷದ ಹತ್ತಿರ. ಕೆಲವರಿಗೆ ಅದು ಕೊಡಬಹುದಾದ ಬೆಲೆಯೇ ಹೌದು, ಆದರೆ ಬೆಲೆ ಇದೆ ಎಂಬುದು ಗೊತ್ತಿರಬೇಕು.

ಹಾಗಾದರೆ ರಿಸ್ಕ್ ಪ್ಯಾರಿಟಿಯಲ್ಲಿ ಲಾಭ ಹೆಚ್ಚು ಎಂಬ ಮಾತು ಎಲ್ಲಿಂದ ಬಂತು? ಈ ಚಿಂತನೆಯನ್ನು ದೊಡ್ಡ ಮಟ್ಟದಲ್ಲಿ ಬಳಕೆಗೆ ತಂದದ್ದು ರೇ ಡಾಲಿಯೋ ಅವರ ಬ್ರಿಡ್ಜ್‌ವಾಟರ್ ಸಂಸ್ಥೆ 1996ರಲ್ಲಿ ಆರಂಭಿಸಿದ ಆಲ್ ವೆದರ್ ಎಂಬ ನಿಧಿ. ರಿಸ್ಕ್ ಪ್ಯಾರಿಟಿ ಎಂಬ ಹೆಸರು 2005ರಲ್ಲಿ ಎಡ್ವರ್ಡ್ ಚಿಯಾನ್ ಅವರ ಬರಹದಿಂದ ಪ್ರಚಾರಕ್ಕೆ ಬಂತು. ಅಮೆರಿಕದ ಈ ನಿಧಿಗಳು ಸಾಲಪತ್ರ ಹೆಚ್ಚಿರುವ ಮಿಶ್ರಣವನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಫ್ಯೂಚರ್ಸ್ ಒಪ್ಪಂದಗಳ ಮೂಲಕ, ಅಲ್ಪಾವಧಿ ಸಾಲದ ಅತಿ ಕಡಿಮೆ ದರದಲ್ಲಿ, ಕೈಯಲ್ಲಿರುವ ಹಣಕ್ಕಿಂತ ಹೆಚ್ಚಿನ ಮೊತ್ತವನ್ನು ಅದರಲ್ಲಿ ತೊಡಗಿಸುತ್ತವೆ. ಏರಿಳಿತವನ್ನು ಷೇರು ಪ್ರಧಾನ ಮಿಶ್ರಣದ ಮಟ್ಟಕ್ಕೆ ಏರಿಸಿಕೊಂಡು, ಅದೇ ಅಪಾಯಕ್ಕೆ ಹೆಚ್ಚು ಆದಾಯ ಪಡೆಯುವುದು ಅವುಗಳ ಲೆಕ್ಕಾಚಾರ. ಆದ್ದರಿಂದ ಹೆಚ್ಚಿನ ಲಾಭ ಅಪಾಯವನ್ನು ಸಮನಾಗಿ ಹಂಚಿದ ಮಾತ್ರಕ್ಕೆ ಬಂದದ್ದಲ್ಲ, ಅಗ್ಗದ ಸಾಲವೂ ಜೊತೆಗಿದ್ದುದರಿಂದ ಬಂದದ್ದು.

ನಿಮಗೆ ಆ ಸಾಲ ಯಾವ ದರದಲ್ಲಿ ಸಿಗುತ್ತದೆ? ಶೇ 4.6ರ ಏರಿಳಿತವನ್ನು ಸಮಪಾಲಿನ ಶೇ 7.7ಕ್ಕೆ ತರಬೇಕಾದರೆ 30 ಲಕ್ಷದ ಜೊತೆಗೆ ಇನ್ನೂ 20 ಲಕ್ಷಕ್ಕಿಂತ ತುಸು ಹೆಚ್ಚು ಸಾಲ ಬೇಕು. ಒಟ್ಟು 50.4 ಲಕ್ಷದ ಮೇಲೆ ಶೇ 7.9ರಂತೆ ವರ್ಷಕ್ಕೆ 4 ಲಕ್ಷ ಬರುತ್ತದೆ. ಫಂಡ್‌ಗಳನ್ನು ಅಡವಿಟ್ಟು ಶೇ 10ರ ಬಡ್ಡಿಗೆ ಸಾಲ ತಂದರೆ ಬಡ್ಡಿಯೇ 2 ಲಕ್ಷ ದಾಟುತ್ತದೆ, ಕೈಗುಳಿಯುವುದು 1.96 ಲಕ್ಷ. ಸಾಲವೇ ಮಾಡದೆ ಅದೇ ಮಿಶ್ರಣ ಇಟ್ಟಿದ್ದರೆ 2.38 ಲಕ್ಷ ಸಿಗುತ್ತಿತ್ತು. ಅಪಾಯ ಹೆಚ್ಚಿಸಿಕೊಂಡು ಆದಾಯ ಕಡಿಮೆ ಮಾಡಿಕೊಂಡಂತಾಯಿತು. ಸಾಲಪತ್ರ ಕೊಡುವ ಬಡ್ಡಿಗಿಂತ ನೀವು ಕಟ್ಟುವ ಬಡ್ಡಿ ಹೆಚ್ಚಿರುವವರೆಗೆ ಈ ದಾರಿ ನಿಮಗಿಲ್ಲ. ಅಗ್ಗದ ಸಾಲ ಸಿಗುವವರಿಗೂ ಇದು ಸದಾ ಸುಖದ ದಾರಿಯಲ್ಲ: 2022ರಲ್ಲಿ ಅಮೆರಿಕದಲ್ಲಿ ಬಡ್ಡಿದರ ವೇಗವಾಗಿ ಏರಿ ಷೇರು ಮತ್ತು ಸಾಲಪತ್ರ ಎರಡೂ ಒಟ್ಟಿಗೆ ಬಿದ್ದಾಗ, ಸಾಲ ಮಾಡಿ ಸಾಲಪತ್ರ ತುಂಬಿಕೊಂಡಿದ್ದ ಇಂಥ ನಿಧಿಗಳು ಭಾರೀ ನಷ್ಟ ಅನುಭವಿಸಿದವು. ಮೂರೂ ಸಂಬಂಧವಿಲ್ಲದೆ ಏರಿಳಿಯುತ್ತವೆ ಎಂದು ನಾವು ಆರಂಭದಲ್ಲಿ ಒಪ್ಪಿಕೊಂಡದ್ದು ಮುರಿದುಬೀಳುವುದು ಇಂಥ ವರ್ಷದಲ್ಲಿ. ಮೂರರ ನಡುವೆಯೂ 0.5ರ ಸಹಸಂಬಂಧ ಹುಟ್ಟಿಕೊಂಡರೆ ನಮ್ಮ ಮಿಶ್ರಣದ ಶೇ 4.6ರ ಏರಿಳಿತ ಶೇ 6.5ಕ್ಕೆ ಏರುತ್ತದೆ.

ಸೂತ್ರದ ಇನ್ನೊಂದು ದೌರ್ಬಲ್ಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಬಳಿಗೆ ಲೆಕ್ಕದ ಹಾಳೆ ಹಿಡಿದು ಬರುವವರಲ್ಲಿ ಹೆಚ್ಚಿನವರು ಇದನ್ನು ಗಮನಿಸಿರುವುದಿಲ್ಲ. ಸೂತ್ರ ನಿಖರವಾಗಿ ಕಂಡರೂ ಅದರ ಉತ್ತರ ನೀವು ಯಾವ ಸಾಲಪತ್ರವನ್ನು, ಯಾವ ಅವಧಿಯ ಅಂಕಿಗಳನ್ನು ಕೊಟ್ಟಿರಿ ಎಂಬುದರ ಮೇಲೆ ನಿಂತಿರುತ್ತದೆ. ಶೇ 4ರ ಏರಿಳಿತದ ಫಂಡ್ ಬದಲು ಶೇ 2ರ ಏರಿಳಿತದ ಅಲ್ಪಾವಧಿ ಫಂಡ್ ಇಟ್ಟರೆ ಅದೇ ಸೂತ್ರ ಸಾಲಪತ್ರಕ್ಕೆ ಸುಮಾರು ಶೇ 80 ಕೊಟ್ಟು ಷೇರನ್ನು ಶೇ 9ಕ್ಕೆ ಇಳಿಸುತ್ತದೆ. ಹತ್ತು ವರ್ಷ ಮುಟ್ಟದ ಹಣದಲ್ಲಿ ಶೇ 9 ಷೇರು ಎಂಬುದು ಬಹುಮಟ್ಟಿಗೆ ಠೇವಣಿಯೇ. ಇನ್ನೂ ಮುಂದೆ ಹೋಗಿ ನಿಶ್ಚಿತ ಠೇವಣಿಯನ್ನೇ ಸೂತ್ರಕ್ಕೆ ಕೊಟ್ಟರೆ, ಅದರ ಬೆಲೆ ದಿನವೂ ನಮೂದಾಗದ ಕಾರಣ ಏರಿಳಿತ ಸೊನ್ನೆ ಎಂದಾಗಿ, ಸೂತ್ರ ಎಲ್ಲ ಹಣವನ್ನೂ ಅಲ್ಲಿಗೇ ಕಳಿಸುತ್ತದೆ. ಬೆಲೆ ಕಾಣಿಸದಿರುವುದಕ್ಕೂ ಅಪಾಯ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಸೂತ್ರಕ್ಕೆ ತಿಳಿಯುವುದಿಲ್ಲ.

ಅಂಕಿಗಳ ಅವಧಿಯೂ ಅಷ್ಟೇ ಮುಖ್ಯ. ಹಿಂದಿನ ಕೆಲವೇ ತಿಂಗಳ ಏರಿಳಿತ ತೆಗೆದುಕೊಂಡು ಪಾಲು ಬದಲಿಸುತ್ತ ಹೋದರೆ, ಷೇರು ಕುಸಿದ ಕೂಡಲೇ ಅದರ ಏರಿಳಿತ ಇಮ್ಮಡಿಯಾಗಿ ಶೇ 36 ಎಂದು ತೋರುತ್ತದೆ, ಮತ್ತು ಸೂತ್ರ ಷೇರಿನ ಪಾಲನ್ನು ಶೇ 14.7ರಿಂದ ಶೇ 8ಕ್ಕೆ ಇಳಿಸಲು ಹೇಳುತ್ತದೆ. ಅಂದರೆ ಬಿದ್ದ ಮೇಲೆ ಮಾರಲು ಹೇಳುತ್ತದೆ. 2020ರ ಮಾರ್ಚ್‌ನಲ್ಲಿ ನಿಫ್ಟಿ ಒಂದೇ ತಿಂಗಳಲ್ಲಿ ಸುಮಾರು ಶೇ 23 ಇಳಿದು, ಅದೇ ವರ್ಷದ ನವೆಂಬರ್ ಹೊತ್ತಿಗೆ ಹಿಂದಿನ ಶಿಖರವನ್ನು ದಾಟಿತು. ಮಾರ್ಚ್‌ನ ಅಂಕಿ ನೋಡಿ ಏಪ್ರಿಲ್‌ನಲ್ಲಿ ಷೇರು ಇಳಿಸಿದವರಿಗೆ ಆ ಚೇತರಿಕೆಯ ಬಹುಭಾಗ ತಪ್ಪಿಹೋಯಿತು. ಆದ್ದರಿಂದ ಏರಿಳಿತದ ಅಂಕಿಯನ್ನು ಹತ್ತು ಹದಿನೈದು ವರ್ಷಗಳ ಅವಧಿಯಿಂದ ಒಮ್ಮೆ ತೆಗೆದು, ಅದನ್ನು ಬದಲಿಸದೆ ಇಟ್ಟುಕೊಳ್ಳುವುದು ಮೇಲು.

ಸಮಪಾಲಿನ ನಿಜವಾದ ಗುಣ ಇಲ್ಲಿ ಕಾಣುತ್ತದೆ. ಅದು ಯಾವ ಅಂದಾಜನ್ನೂ ಕೇಳುವುದಿಲ್ಲ, ಹಾಗಾಗಿ ಅಂದಾಜು ತಪ್ಪುವ ಭಯವೂ ಅದಕ್ಕಿಲ್ಲ. ಡಿಮಿಗೆಲ್, ಗಾರ್ಲಾಪಿ, ಉಪ್ಪಾಲ್ ಎಂಬ ಮೂವರು ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಲವು ಜಾಣ ಹಂಚಿಕೆ ಸೂತ್ರಗಳನ್ನು ಸಮಪಾಲಿನೊಂದಿಗೆ ಹೋಲಿಸಿದಾಗ, ಯಾವುದೂ ಎಲ್ಲ ಕಡೆಯೂ ಸತತವಾಗಿ ಅದನ್ನು ಮೀರಲಿಲ್ಲ. ಆದರೆ ಅವರ ಪರೀಕ್ಷೆ ನಡೆದದ್ದು ಹೆಚ್ಚಾಗಿ ಷೇರು ಷೇರುಗಳ ನಡುವೆ, ಎಂದರೆ ಏರಿಳಿತದಲ್ಲಿ ಒಂದಕ್ಕೊಂದು ಹತ್ತಿರವಿರುವವುಗಳ ನಡುವೆ. ಶೇ 18 ಮತ್ತು ಶೇ 4ರಷ್ಟು ದೂರವಿರುವ ಹೂಡಿಕೆಗಳಿಗೆ ಆ ಫಲಿತಾಂಶವನ್ನು ನೇರವಾಗಿ ಅನ್ವಯಿಸುವುದು ಸರಿಯಲ್ಲ. ಇಲ್ಲಿ ಏರಿಳಿತದ ಅಂದಾಜು ತುಸು ತಪ್ಪಿದರೂ ಷೇರು ಸಾಲಪತ್ರಕ್ಕಿಂತ ಹಲವು ಪಟ್ಟು ಅಪಾಯದ್ದು ಎಂಬ ಸಂಗತಿ ಬದಲಾಗುವುದಿಲ್ಲ.

ಈಗ ನಿಮ್ಮ ಠೇವಣಿಗೆ ಬರೋಣ. ನೀವೂ ನಿಮ್ಮ ಅಳಿಯನೂ ಚರ್ಚಿಸುತ್ತಿರುವುದು 30 ಲಕ್ಷದ ಬಗ್ಗೆ, ಆದರೆ ನಿಮ್ಮ ಹೂಡಿಕೆ ಇರುವುದು 42 ಲಕ್ಷ. ಸಮಪಾಲಿನ ಯೋಜನೆಗೆ 12 ಲಕ್ಷದ ಠೇವಣಿಯನ್ನು ಸೇರಿಸಿದರೆ ಷೇರು ಶೇ 24, ಚಿನ್ನ ಶೇ 24, ಬಡ್ಡಿ ತರುವ ಭಾಗ ಶೇ 52 ಆಗುತ್ತದೆ. ಅದಕ್ಕೆ ಬದಲಾಗಿ ಅಳಿಯ ಹೇಳಿದಂತೆ ಹಂಚಿದರೆ ಷೇರು ಬರೇ ಶೇ 10.5, ಬಡ್ಡಿಯ ಭಾಗ ಶೇ 76. ನೀವು ಸಮಪಾಲು ಎಂದು ಹೊರಟದ್ದು ಒಟ್ಟಾರೆ ಆಸ್ತಿಯಲ್ಲಿ ಈಗಾಗಲೇ ರಿಸ್ಕ್ ಪ್ಯಾರಿಟಿಯ ದಿಕ್ಕಿನಲ್ಲಿ ಅರ್ಧ ದಾರಿ ನಡೆದಿದೆ. ಆ ಠೇವಣಿಗೆ ಮಗಳ ಮದುವೆ, ಮನೆ ದುರಸ್ತಿ ಮುಂತಾದ ಬೇರೆ ಉದ್ದೇಶ ಗೊತ್ತಾಗಿದ್ದರೆ ಮಾತ್ರ ಅದನ್ನು ಈ ಲೆಕ್ಕದಿಂದ ಹೊರಗಿಡಬೇಕು. ಮನೆಯವರ ಆಭರಣಗಳನ್ನು ನಾನು ಚಿನ್ನದ ಪಾಲಿಗೆ ಸೇರಿಸುವುದಿಲ್ಲ, ಏಕೆಂದರೆ ಷೇರು ಬಿದ್ದಿರುವ ವರ್ಷ ಅವನ್ನು ಮಾರಿ ಷೇರು ಕೊಳ್ಳಲು ಯಾವ ಮನೆಯವರೂ ಮುಂದಾಗುವುದಿಲ್ಲ.

ಠೇವಣಿಯ ಸುರಕ್ಷತೆಯ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಾಸರಗೋಡಿನ ಊರೂರುಗಳಲ್ಲಿರುವ ಸರ್ವಿಸ್ ಸಹಕಾರಿ ಬ್ಯಾಂಕುಗಳು ಬಹುಮಟ್ಟಿಗೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು. 2020ರ ಫೆಬ್ರವರಿಯಿಂದ ಬ್ಯಾಂಕ್ ಠೇವಣಿಗೆ ತಲಾ 5 ಲಕ್ಷದವರೆಗೆ ಸಿಗುತ್ತಿರುವ ಠೇವಣಿ ವಿಮಾ ನಿಗಮದ ರಕ್ಷಣೆ ಇಂಥ ಸಂಘಗಳ ಠೇವಣಿಗೆ ಅನ್ವಯಿಸುವುದಿಲ್ಲ. ನಿಮ್ಮ ಸಂಘ ಚೆನ್ನಾಗಿಯೇ ನಡೆಯುತ್ತಿರಬಹುದು, ಆದರೂ 12 ಲಕ್ಷವನ್ನು ಒಂದೇ ಕಡೆ ಇಡಬೇಡಿ. ಅದರಲ್ಲಿ ಒಂದಷ್ಟನ್ನು ಅವಧಿ ಮುಗಿದಂತೆ ವಾಣಿಜ್ಯ ಬ್ಯಾಂಕಿಗೋ ಅಂಚೆ ಕಚೇರಿಗೋ ವರ್ಗಾಯಿಸಿ.

ನಾನು ಸೂಚಿಸುವ ಹಂಚಿಕೆ ಎರಡರ ನಡುವಿನದು. ಠೇವಣಿ ಸೇರಿದ 42 ಲಕ್ಷದಲ್ಲಿ ಷೇರಿಗೆ ಶೇ 20, ಚಿನ್ನಕ್ಕೆ ಶೇ 20, ಬಡ್ಡಿಯ ಭಾಗಕ್ಕೆ ಶೇ 60. ಅಂದರೆ ಷೇರು 8.4 ಲಕ್ಷ, ಚಿನ್ನ 8.4 ಲಕ್ಷ, ಮತ್ತು ಇರುವ ಠೇವಣಿಯ ಜೊತೆಗೆ ಸರ್ಕಾರಿ ಸಾಲಪತ್ರದ ಫಂಡ್‌ಗೆ 13.2 ಲಕ್ಷ. ಬಡ್ಡಿಯ ಭಾಗವನ್ನೆಲ್ಲ ಶೇ 4ರ ಏರಿಳಿತದ್ದೆಂದೇ ಹಿಡಿದರೂ ಒಟ್ಟು ಏರಿಳಿತ ಶೇ 5.2 ಮೀರುವುದಿಲ್ಲ. ಅಪಾಯದಲ್ಲಿ ಷೇರಿನ ಭಾಗ ಶೇ 49, ಚಿನ್ನದ್ದು ಶೇ 29, ಸಾಲಪತ್ರದ್ದು ಶೇ 22. ಮೇಲಿನ ಊಹೆಗಳ ಪ್ರಕಾರ ಆದಾಯ ಶೇ 8.2. ಅಪಾಯ ಪೂರ್ತಿ ಸಮನಾಗಿಲ್ಲ, ಅದು ಸಮನಾಗಲೇಬೇಕೆಂಬ ನಿಯಮವೂ ಇಲ್ಲ. ಅತಿ ಕಡಿಮೆ ಆದಾಯದ ಮೂಲಕ್ಕೂ ಅತಿ ಹೆಚ್ಚು ಆದಾಯದ ಮೂಲದಷ್ಟೇ ಅಪಾಯ ಹೊರಿಸಬೇಕೆಂಬುದು ಒಂದು ಆಯ್ಕೆಯೇ ಹೊರತು ಗಣಿತದ ಅನಿವಾರ್ಯತೆಯಲ್ಲ.

ಹೀಗೆ ನಡುವೆ ನಿಲ್ಲಲು ನಿಮ್ಮ ತೋಟವೂ ಕಾರಣ. ಕೊಳೆರೋಗ ಬಂದ ವರ್ಷ, ಅಡಿಕೆ ಧಾರಣೆ ಕುಸಿದ ವರ್ಷ ನಿಮ್ಮ ಮುಖ್ಯ ಆದಾಯವೇ ಷೇರಿನಂತೆ ಬೀಳುತ್ತದೆ. ಆ ವರ್ಷ ಮುಟ್ಟುವುದಿಲ್ಲ ಎಂದುಕೊಂಡ ಹಣವನ್ನೂ ಮುಟ್ಟಬೇಕಾಗಿ ಬರಬಹುದು. ತಿಂಗಳ ಸಂಬಳ ಇರುವ ನಿಮ್ಮ ಅಳಿಯ ನಿಮಗಿಂತ ಹೆಚ್ಚು ಷೇರನ್ನು ತಾಳಿಕೊಳ್ಳಬಲ್ಲರು. ಹಣ ಹಂಚುವಲ್ಲಿ ಅವರು ನಿಮಗೆ ಹೇಳಿದ ಸೂತ್ರ ಅವರಿಗಿಂತ ನಿಮಗೇ ಹೆಚ್ಚು ಒಪ್ಪುತ್ತದೆ.

ಚಿನ್ನದ ಪಾಲನ್ನು ಇತ್ತೀಚಿನ ಏರಿಕೆ ನೋಡಿ ಹೆಚ್ಚಿಸಬೇಡಿ. 2012ರ ಕೊನೆಯಲ್ಲಿ ಹತ್ತು ಗ್ರಾಂಗೆ ಸುಮಾರು 31,000 ರೂಪಾಯಿ ಇದ್ದ ಚಿನ್ನ 2018ರ ಕೊನೆಗೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಅದು ಬಡ್ಡಿ ತರುವುದಿಲ್ಲ. ರೂಪಾಯಿ ಬಿದ್ದಾಗ, ಷೇರು ನಲುಗಿದಾಗ ಅದು ಹಲವು ಬಾರಿ ಆಸರೆಯಾಗಿದೆ ಎಂಬುದಕ್ಕಾಗಿ ಮಾತ್ರ ಅದಕ್ಕೆ ಸ್ಥಾನ.

ಪಾಲುಗಳನ್ನು ವರ್ಷಕ್ಕೊಮ್ಮೆ, ಅಡಿಕೆ ಮಾರಿ ಕೈಯಲ್ಲಿ ಹಣ ಇರುವ ತಿಂಗಳಲ್ಲಿ ನೋಡಿ. ಶೇ 20ರ ಭಾಗ ಶೇ 15ಕ್ಕಿಂತ ಕೆಳಗಿಳಿದಿದ್ದರೆ ಅಥವಾ ಶೇ 25 ದಾಟಿದ್ದರೆ ಮಾತ್ರ ಸರಿಪಡಿಸಿ. ಮಾರಿ ಸರಿಪಡಿಸುವುದಕ್ಕಿಂತ ಹೊಸ ಹಣವನ್ನು ಕಡಿಮೆಯಾದ ಕಡೆ ಹಾಕಿ ಸರಿಪಡಿಸುವುದು ಒಳ್ಳೆಯದು, ಏಕೆಂದರೆ ಮಾರಿದಾಗಲೆಲ್ಲ ಲಾಭಕ್ಕೆ ತೆರಿಗೆ ಬೀಳುತ್ತದೆ. 2023ರ ಏಪ್ರಿಲ್ ನಂತರ ಕೊಂಡ ಸಾಲಪತ್ರದ ಫಂಡ್‌ಗಳ ಲಾಭವಂತೂ, ಎಷ್ಟು ವರ್ಷ ಇಟ್ಟಿದ್ದರೂ, ನಿಮ್ಮ ಉಳಿದ ಆದಾಯದ ದರದಲ್ಲೇ ತೆರಿಗೆಗೆ ಒಳಪಡುತ್ತದೆ. 8.4 ಲಕ್ಷದ ಷೇರನ್ನು ಒಂದೇ ದಿನ ಕೊಳ್ಳಲು ಮನಸ್ಸು ಒಪ್ಪದಿದ್ದರೆ ಆರರಿಂದ ಹನ್ನೆರಡು ತಿಂಗಳಲ್ಲಿ ಸಮ ಕಂತುಗಳಾಗಿ ಕೊಳ್ಳಿ, ಅಲ್ಲಿಯವರೆಗೆ ಆ ಹಣ ಲಿಕ್ವಿಡ್ ಫಂಡ್‌ನಲ್ಲಿರಲಿ. ಮೊದಲ ಕಂತು ಕಟ್ಟುವ ಮೊದಲು, ನಿಮ್ಮ ಸಾಲಪತ್ರದ ಫಂಡ್ ಪ್ರತಿ ತಿಂಗಳು ಪ್ರಕಟಿಸುವ ವಿವರಪತ್ರದಲ್ಲಿ ಅದರ ಡ್ಯುರೇಷನ್ ಎಷ್ಟೆಂದು ನೋಡಿಕೊಳ್ಳಿ. ಅದು ಐದರ ಆಸುಪಾಸು ಇಲ್ಲದೆ ಒಂಬತ್ತೋ ಹತ್ತೋ ಇದ್ದರೆ ಶೇ 4 ಎಂದು ನಾನು ಹಿಡಿದ ಏರಿಳಿತ ಅದಕ್ಕೆ ಸಲ್ಲುವುದಿಲ್ಲ, ಬೇರೆ ಫಂಡ್ ಆರಿಸಬೇಕಾಗುತ್ತದೆ.